ಗೀಸರ್ ಪೈಪ್ ಒಡೆದ ಮೇಲೆ ಬರೆದ ಮೂರು ಇಮೇಲ್‌ಗಳು

ವಿಜಯನಗರದಲ್ಲಿ ನಮ್ಮದೊಂದು ಸಣ್ಣ ಅಂಗಡಿಯಿದೆ. ಗೀಸರ್, ನಲ್ಲಿ, ಶವರ್ ಮುಂತಾದವನ್ನು ಮಾರುತ್ತೇವೆ. ಕೊಂಡವರ ಮನೆಗೆ ಹುಡುಗರನ್ನು ಕಳಿಸಿ ಕೂರಿಸಿಕೊಡುವ ಕೆಲಸವನ್ನೂ ಮಾಡುತ್ತೇವೆ. ಲೆಕ್ಕ, ಬಿಲ್ಲು ಮತ್ತು ಗಿರಾಕಿಗಳ ಪತ್ರವ್ಯವಹಾರ ನನ್ನ ಪಾಲಿಗೆ ಬಂದ ಕೆಲಸ. ಇತ್ತೀಚೆಗೆ ಒಬ್ಬ ಗಿರಾಕಿಯ ದೂರಿಗೆ ಉತ್ತರಿಸುವುದರಲ್ಲಿ ನಮ್ಮ 37 ದಿನಗಳು ಕಳೆದವು. ಆ ಕಡತವನ್ನು ಮೊನ್ನೆಯಷ್ಟೇ ಮುಚ್ಚಿದ್ದೇನೆ. ನನ್ನಂತೆ ಅಂಗಡಿ ನಡೆಸುವವರಿಗೆ, ಸಿಟ್ಟಿನ ಇಮೇಲ್ ಬಂದ ಮೊದಲ ರಾತ್ರಿ ಏನು ಬರೆಯಬೇಕು, ಏನು ಬರೆಯಬಾರದು ಎಂಬುದು ಗೊತ್ತಿರಲಿ ಎಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಆ ಇಮೇಲ್ ಬಂದದ್ದು ಭಾನುವಾರ ರಾತ್ರಿ 10.40ಕ್ಕೆ. ಬರೆದವರು ರಾಜರಾಜೇಶ್ವರಿ ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿರುವ ನಿವೃತ್ತ ಅಧಿಕಾರಿ. ಐದು ತಿಂಗಳ ಹಿಂದೆ ಅವರ ಮನೆಯ ಗೀಸರ್ ಬದಲಿಸಿಕೊಟ್ಟವರು ನಾವೇ. ಎರಡು ದಿನ ಮೈಸೂರಿಗೆ ಹೋಗಿದ್ದ ಅವರು ಬಾಗಿಲು ತೆರೆದಾಗ, ಗೀಸರಿಗೆ ತಣ್ಣೀರು ತರುವ ಕನೆಕ್ಷನ್ ಪೈಪಿನ ನಟ್ಟು ಒಡೆದು, ಬಚ್ಚಲಿನಿಂದ ಹೊರಬಂದ ನೀರು ಮಲಗುವ ಕೋಣೆಯ ಮರದ ನೆಲವನ್ನೆಲ್ಲ ನೆನೆಸಿತ್ತು. ಅಚ್ಚ ಕನ್ನಡದಲ್ಲಿ, ಒಂದು ಅಕ್ಷರವೂ ತಪ್ಪಿಲ್ಲದೆ ಬರೆದಿದ್ದರು. ಹಾಗಾಗಿಯೇ ಇರಬೇಕು, ಅದರ ಸಿಟ್ಟು ಇನ್ನಷ್ಟು ಚುಚ್ಚಿತು. ನೆಲಕ್ಕೆ 1,10,000, ವಾರ್ಡ್‌ರೋಬಿಗೆ 45,000, ಕೆಳಗಿನ ಮನೆಯ ಚಾವಣಿಗೆ 10,000, ಮಾನಸಿಕ ಹಿಂಸೆಗೆ 20,000, ಒಟ್ಟು 1,85,000 ರೂಪಾಯಿಯನ್ನು 48 ಗಂಟೆಗಳೊಳಗೆ ಕೊಡದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುವುದಾಗಿ ತಿಳಿಸಿದ್ದರು.

ಓದಿದವಳಿಗೆ ಕೈಕಾಲು ತಣ್ಣಗಾಯಿತು. ಸಮಾಧಾನಪಡಿಸಿಬಿಟ್ಟರೆ ಸಾಕೆಂಬ ಆತುರದಲ್ಲಿ ಹತ್ತೇ ನಿಮಿಷದಲ್ಲಿ ಉತ್ತರ ಬರೆದೆ: “ಸರ್, ನಮ್ಮ ಹುಡುಗನ ಕೆಲಸದಲ್ಲಿ ತಪ್ಪಾಗಿದೆ. ದಯವಿಟ್ಟು ಕ್ಷಮಿಸಿ. ನಿಮಗಾದ ನಷ್ಟವನ್ನೆಲ್ಲ ನಾವೇ ಭರಿಸುತ್ತೇವೆ.” ಅದು ಅಂದು ಹೋಗದೆ ಉಳಿದದ್ದು ನನ್ನ ವಿವೇಕದಿಂದಲ್ಲ. ಬಿಲ್ ನಂಬರ್ ಹಾಕಬೇಕೆಂದುಕೊಂಡೆ, ಬಿಲ್ ಪುಸ್ತಕ ಅಂಗಡಿಯಲ್ಲಿತ್ತು.

ಬೆಳಿಗ್ಗೆ ಏಳಕ್ಕೆ ವಕೀಲೆಯಾಗಿರುವ ನನ್ನ ದೊಡ್ಡಪ್ಪನ ಮಗಳಿಗೆ ಆ ಕರಡನ್ನು ಕಳಿಸಿದೆ. ಐದು ನಿಮಿಷದಲ್ಲಿ ಅಕ್ಕನ ಫೋನು ಬಂತು.

“ತಪ್ಪಾಗಿದೆ ಅಂತ ಬರೆದಿದ್ದೀಯಲ್ಲ, ಆ ಪೈಪನ್ನ ನೀನು ನೋಡಿದೀಯಾ?”

“ಇಲ್ಲ ಅಕ್ಕ.”

“ಆ ಪೈಪ್ ನಿಮ್ಮ ಅಂಗಡೀದೇ ಅಂತಾದರೂ ಗೊತ್ತಾ?”

ಅದೂ ಗೊತ್ತಿರಲಿಲ್ಲ. ನನ್ನ ಮೂರು ವಾಕ್ಯಗಳಲ್ಲಿ ಮೂರು ಬೇರೆ ಬೇರೆ ಅಪಾಯಗಳಿದ್ದವು ಎಂಬುದನ್ನು ಅವಳು ಬಿಡಿಸಿ ಹೇಳಿದಳು. ‘ತಪ್ಪಾಗಿದೆ’ ಎಂಬುದು ಕಾರಣದ ಕುರಿತ ಹೇಳಿಕೆ. ಇಮೇಲಿನಲ್ಲಿ ಬರೆದದ್ದು ಮುಂದೆ ನಮ್ಮ ವಿರುದ್ಧವೇ ಸಾಕ್ಷ್ಯವಾಗಿ ಬರುತ್ತದೆ. ‘ನಷ್ಟವನ್ನೆಲ್ಲ’ ಎಂದರೆ ಲೆಕ್ಕವನ್ನು ನೋಡದೆಯೇ ಅವರ ಮೊತ್ತವನ್ನು ಒಪ್ಪಿದಂತೆ. ‘ನಾವೇ ಭರಿಸುತ್ತೇವೆ’ ಎಂಬುದು ಎಲ್ಲಕ್ಕಿಂತ ದುಬಾರಿಯ ವಾಕ್ಯ, ಏಕೆಂದರೆ ಅದರಿಂದ ನಮ್ಮ ವಿಮೆಯೇ ಕೈತಪ್ಪಬಹುದಿತ್ತು. ನಮ್ಮ ಅಂಗಡಿಯ ಪಾಲಿಸಿಯಲ್ಲಿ, ಗಿರಾಕಿಯ ಮನೆಯಲ್ಲಿ ಮಾಡಿದ ಕೆಲಸದಿಂದ ಮೂರನೆಯವರ ಆಸ್ತಿಗೆ ಹಾನಿಯಾದರೆ ಅದಕ್ಕೂ ರಕ್ಷಣೆಯಿದೆ. ಆದರೆ ವಿಮಾ ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ವಿಮೆದಾರರು ಹೊಣೆ ಒಪ್ಪಿಕೊಳ್ಳಬಾರದು, ಹಣ ಕೊಡುವುದಾಗಿ ಮಾತು ಕೊಡಬಾರದು, ಕೊಡಲೂಬಾರದು ಎಂಬುದು ಅದರ ಷರತ್ತು. ಹೊಣೆಗಾರಿಕೆಯ ಪಾಲಿಸಿಗಳಲ್ಲಿ ಈ ಷರತ್ತು ಸಾಮಾನ್ಯ. ನಿಮ್ಮ ಬಳಿ ಅಂಥ ಪಾಲಿಸಿಯಿದ್ದರೆ ಉತ್ತರ ಬರೆಯುವ ಮೊದಲೇ ಆ ಪುಟವನ್ನು ತೆರೆದು ನೋಡಿ. ಅಂಗಡಿಯೊಳಗೆ ಆದದ್ದಕ್ಕೆ ಮಾತ್ರ ರಕ್ಷಣೆ ಕೊಡುವ ಪಾಲಿಸಿಗಳೂ ಇರುತ್ತವೆ. ಹೊರಗಿನ ಕೆಲಸಕ್ಕೂ ಅನ್ವಯಿಸುತ್ತದೆಯೇ ಎಂಬುದನ್ನೂ ಆಗಲೇ ಗಮನಿಸಿ.

ಇಷ್ಟು ಕೇಳಿದ ನನ್ನ ಪತಿ ಇನ್ನೊಂದು ತುದಿಗೆ ಹೋದರು. ಅವರಿಗೆ ಪರಿಚಯದವರೊಬ್ಬರು ಕೊಟ್ಟ ಒಕ್ಕಣೆ ಹೀಗಿತ್ತು: “ನಿಮ್ಮ ಆರೋಪಗಳನ್ನೆಲ್ಲ ಸಾರಾಸಗಟಾಗಿ ನಿರಾಕರಿಸುತ್ತೇವೆ.” ಅಕ್ಕ ಅದನ್ನೂ ಬೇಡವೆಂದಳು. ನೋಡದೆ ಒಪ್ಪಿಕೊಳ್ಳುವುದು ಎಷ್ಟು ತಪ್ಪೋ ನೋಡದೆ ನಿರಾಕರಿಸುವುದೂ ಅಷ್ಟೇ ತಪ್ಪು. ನಾಳೆ ಪೈಪು ನಮ್ಮದೇ ಎಂದು ಸಾಬೀತಾದರೆ ಆ ನಿರಾಕರಣೆ ಸುಳ್ಳಾಗುತ್ತದೆ, ಆಮೇಲೆ ನಮ್ಮ ಬೇರಾವ ಮಾತನ್ನೂ ಯಾರೂ ನಂಬುವುದಿಲ್ಲ. ಸೋಮವಾರ ಬೆಳಿಗ್ಗೆ 9.15ಕ್ಕೆ ಕೊನೆಗೆ ಹೋದ ಮೊದಲ ಇಮೇಲ್ ಇದು:

> ಮಾನ್ಯರೇ, ತಾವು ನಿನ್ನೆ ರಾತ್ರಿ ಕಳಿಸಿದ ಇಮೇಲ್ ಮತ್ತು ಐದು ಫೋಟೋಗಳು ತಲುಪಿವೆ. ಊರಿನಿಂದ ಬಂದ ಕೂಡಲೇ ಮನೆಯನ್ನು ಈ ಸ್ಥಿತಿಯಲ್ಲಿ ನೋಡಬೇಕಾಗಿ ಬಂದದ್ದಕ್ಕೆ ನಮಗೆ ವಿಷಾದವಿದೆ. ನಟ್ಟು ಏಕೆ ಒಡೆಯಿತು ಎಂಬುದು ನಮಗಿನ್ನೂ ತಿಳಿದಿಲ್ಲ. ಪರಿಶೀಲಿಸುವ ಮೊದಲು ಹೊಣೆ ಯಾರದೆಂದು ಹೇಳುವ ಅಥವಾ ಅಲ್ಲಗಳೆಯುವ ಸ್ಥಿತಿಯಲ್ಲಿ ನಾವಿಲ್ಲ. ಇಂದು ಸಂಜೆ 4 ಗಂಟೆಗೆ ನಾವು ಇಬ್ಬರು ಬಂದು ನೋಡಲು ಅನುಮತಿ ಕೋರುತ್ತೇವೆ. ಅಲ್ಲಿಯವರೆಗೆ ಗೀಸರಿನ ವಾಲ್ವ್ ಮತ್ತು ಸ್ವಿಚ್ ಎರಡನ್ನೂ ಆಫ್ ಮಾಡಿಡಿ, ಒಡೆದ ಪೈಪನ್ನು ಎಸೆಯದೆ ತಮ್ಮ ಬಳಿಯೇ ಇಟ್ಟುಕೊಳ್ಳಿ. ನಾವು ಕಂಡುಕೊಂಡದ್ದನ್ನು ಶುಕ್ರವಾರ ಸಂಜೆ 6ರೊಳಗೆ ಬರೆದು ತಿಳಿಸುತ್ತೇವೆ.

ಇದರಲ್ಲಿ ‘ವಿಷಾದ’ ಎಂಬ ಪದವನ್ನು ಉಳಿಸಿಕೊಳ್ಳಲು ನಾನು ಹಟ ಹಿಡಿದೆ. ನೆಲವೆಲ್ಲ ಉಬ್ಬಿದ ಮನೆಯಲ್ಲಿ ನಿಂತಿರುವ ಮನುಷ್ಯನಿಗೆ ಬರೀ ‘ತಲುಪಿದೆ’ ಎಂದು ಬರೆಯುವುದು ನನ್ನಿಂದ ಆಗದ ಮಾತು. ಅಕ್ಕ ಒಪ್ಪಿದಳು, ಆದರೆ ವಿಷಾದ ಯಾವುದಕ್ಕೆ ಎಂಬುದು ವಾಕ್ಯದೊಳಗೇ ಇರಬೇಕು, ಅದರ ಬೆನ್ನಿಗೇ ಕಾರಣ ತಿಳಿದಿಲ್ಲ ಎಂಬ ವಾಕ್ಯ ಬರಬೇಕು ಎಂದಳು. ಅವರಿಗೆ ಎದುರಾದ ಪರಿಸ್ಥಿತಿಗೆ ವಿಷಾದಿಸುವುದು ಬೇರೆ, ನಾವು ಮಾಡಿದ್ದಕ್ಕೆ ಕ್ಷಮೆ ಕೇಳುವುದು ಬೇರೆ. ಈ ವ್ಯತ್ಯಾಸ ಎರಡು ವಾರಗಳ ನಂತರ ನಮ್ಮನ್ನು ಕಾಪಾಡಿತು.

ಅದೇ ಬೆಳಿಗ್ಗೆ ವಿಮೆಯ ಏಜೆಂಟರಿಗೆ ಫೋನು ಮಾಡಿ, ಕಂಪನಿಗೂ ಇಮೇಲ್ ಕಳಿಸಿ ಕ್ಲೇಮ್ ನಂಬರ್ ಪಡೆದುಕೊಂಡೆ. ಗಿರಾಕಿಯಿಂದ ಬಂದದ್ದನ್ನೂ ನಾವು ಕಳಿಸಿದ್ದನ್ನೂ ಅವರಿಗೆ ಹಾಗೆಯೇ ರವಾನಿಸಿದೆ.

ಸಂಜೆ ಅವರ ಮನೆಗೆ ಹೋದಾಗ ಮೊದಲ ಹದಿನೈದು ನಿಮಿಷ ನಾವು ಮಾತಾಡಲಿಲ್ಲ, ಅವರು ಹೇಳಿದ್ದನ್ನು ಕೇಳಿಸಿಕೊಂಡೆವು. ಆಮೇಲೆ ಅವರ ಶ್ರೀಮತಿಯವರು ಹಾಲಿನ ಖಾಲಿ ಕವರೊಂದರಲ್ಲಿ ಸುತ್ತಿಟ್ಟಿದ್ದ ಪೈಪನ್ನು ತಂದು ಮೇಜಿನ ಮೇಲಿಟ್ಟರು. ಒಂದೂವರೆ ಅಡಿಯ, ಮೇಲೆ ಸ್ಟೀಲ್ ತಂತಿಯ ಹೆಣಿಗೆಯಿದ್ದ ಪೈಪು. ಹೆಣಿಗೆ ಸರಿಯಾಗಿತ್ತು, ಒಂದು ತುದಿಯ ಹಿತ್ತಾಳೆ ನಟ್ಟು ಮಾತ್ರ ಬುಡದಲ್ಲಿ ಉಂಗುರದಂತೆ ಬಿಟ್ಟುಕೊಂಡಿತ್ತು. ಒಡೆದ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಸುತ್ತಳತೆಯ ಮುಕ್ಕಾಲು ಭಾಗ ಕಪ್ಪಗೆ ಮಾಸಿ ಅದರ ಮೇಲೆ ಬೋರ್‌ವೆಲ್ ನೀರಿನ ಬಿಳಿಯ ಕರೆ ಕಟ್ಟಿತ್ತು, ಉಳಿದ ಕಾಲು ಭಾಗ ಹೊಸ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ಬಿರುಕು ಬಹಳ ಹಿಂದಿನದು, ಕೊನೆಯ ಕಾಲು ಭಾಗ ಮಾತ್ರ ಈಗ ಕಿತ್ತದ್ದು ಎಂಬುದನ್ನು ಈ ಕೆಲಸ ಬಲ್ಲವರು ಅದರಿಂದ ಊಹಿಸಬಹುದು. ಆದರೆ ಆ ಬಿರುಕು ನಮ್ಮ ಹುಡುಗ ಸ್ಪ್ಯಾನರಿನಿಂದ ವಿಪರೀತ ಬಿಗಿದಾಗ ಶುರುವಾದದ್ದೋ ಅದಕ್ಕೂ ಮೊದಲೇ ಇದ್ದದ್ದೋ ಎಂಬುದನ್ನು ಕಣ್ಣಿನಲ್ಲಿ ನೋಡಿ ಹೇಳಲಾಗದು.

ಪೈಪನ್ನು ನಾವು ತೆಗೆದುಕೊಂಡು ಹೋಗುತ್ತೇವೆ ಎನ್ನುವುದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಸಾಕ್ಷ್ಯ ನಮ್ಮ ಕೈ ಸೇರಿತೆಂದರೆ ಅದನ್ನು ಬದಲಿಸಿದೆವೆಂಬ ಅನುಮಾನವೂ ನಮ್ಮ ತಲೆಗೇ ಬರುತ್ತದೆ. ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ತೆಗೆದೆವು, ಒಂದು ಕವರಿನೊಳಗೆ ಹಾಕಿ ಅಂಟಿಸಿ, ಮೇಲೆ ಇಬ್ಬರೂ ಸಹಿ ಮಾಡಿ ದಿನಾಂಕ ಬರೆದೆವು. ಕವರು ಅವರ ಬೀರುವಿನಲ್ಲೇ ಉಳಿಯಿತು.

ಹೊರಡುವಾಗ ಅವರು ಮೊಬೈಲ್ ತೆಗೆದು ಒಂದು ವಾಟ್ಸ್‌ಆ್ಯಪ್ ಧ್ವನಿ ಸಂದೇಶವನ್ನು ಕೇಳಿಸಿದರು. ನಮ್ಮ ಪ್ಲಂಬರ್ ಹುಡುಗನದು, ಭಾನುವಾರ ರಾತ್ರಿಯದು: “ಸಾರಿ ಸರ್, ನಮ್ ಕಡೆಯಿಂದಾನೇ ಆಗಿರೋದು. ಅಂಗಡಿ ಅಕ್ಕಂಗೆ ಹೇಳಿ ಎಲ್ಲಾ ಸರಿ ಮಾಡಿಸ್ಕೊಡ್ತೀನಿ.” ನಾನು ಒಂದೊಂದು ಪದವನ್ನೂ ತೂಗಿ ಬರೆಯುವ ಹೊತ್ತಿಗಾಗಲೇ ಅವನು ಇಷ್ಟನ್ನೂ ಹೇಳಿ ಮುಗಿಸಿದ್ದ. ಪಾಪ, ಹೆದರಿದ್ದ, ಬೈಯಲು ಮನಸ್ಸಾಗಲಿಲ್ಲ. ದಾರಿಯಲ್ಲಿ ಅವನು ಅದನ್ನು ಡಿಲೀಟ್ ಮಾಡಲೇ ಎಂದು ಕೇಳಿದಾಗ ಮಾತ್ರ ಗಾಡಿ ನಿಲ್ಲಿಸಿ ಬೇಡವೆಂದು ಗಟ್ಟಿಯಾಗಿ ಹೇಳಿದೆ. ಅವರು ಅದರ ಪ್ರತಿಯನ್ನು ತೆಗೆದಿಟ್ಟಿರಬಹುದು, ಅಳಿಸಿದ ಗುರುತು ಮಾತ್ರ ನಮ್ಮ ವಿರುದ್ಧ ಉಳಿಯುತ್ತದೆ.

ಕೆಲಸದವರು ಮಾಲೀಕರ ಪರವಾಗಿ ಆಡಿದ ಮಾತು ಮಾಲೀಕರ ಮಾತೆಂದೇ ಪರಿಗಣಿತವಾಗಬಹುದು ಎಂದು ಅಕ್ಕ ವಿವರಿಸಿದಳು. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನ ಪ್ರಕಾರ ಹೀಗೆ ಒಪ್ಪಿಕೊಂಡದ್ದು ಅಂತಿಮ ಪುರಾವೆಯಲ್ಲ. ಅದು ಯಾವ ಸಂದರ್ಭದಲ್ಲಿ, ಎಷ್ಟು ತಿಳಿದು ಆಡಿದ ಮಾತೆಂಬುದನ್ನು ವಿವರಿಸಲು ಅವಕಾಶವಿದೆ. ಆದ್ದರಿಂದ ಅದನ್ನು ಮುಚ್ಚಿಡದೆ ಎರಡನೆಯ ಇಮೇಲಿನಲ್ಲಿ ನಾವೇ ಪ್ರಸ್ತಾಪಿಸುವುದೆಂದು ತೀರ್ಮಾನವಾಯಿತು. ಅಂದಿನಿಂದ, ದೂರು ಬಂದ ಮನೆಗೆ ಹುಡುಗರು ಫೋನು ಮಾಡಬಾರದು, ಕರೆ ಬಂದರೆ “ಅಂಗಡಿಗೆ ತಿಳಿಸಿ ಈಗಲೇ ಮಾತಾಡಿಸ್ತೀನಿ” ಎಂದಷ್ಟೇ ಹೇಳಬೇಕು ಎಂದು ಹೇಳಿಕೊಟ್ಟಿದ್ದೇನೆ.

ಮರುದಿನ ಹಳೆಯ ಜಾಬ್ ಶೀಟ್ ಹುಡುಕಿದೆ. ಗೀಸರಿನ ಸೀರಿಯಲ್ ನಂಬರಿನ ಕೆಳಗೆ ಹುಡುಗನ ಕೈಬರಹದಲ್ಲಿ ‘ಹಳೇ ಕನೆಕ್ಷನ್ ಪೈಪ್ ಹಾಕಿದೆ, ಓಕೆ’ ಎಂದಿತ್ತು. ಒಂದು ಕ್ಷಣ ಬದುಕಿದೆವು ಅನ್ನಿಸಿತು: ಒಡೆದ ಪೈಪು ನಮ್ಮ ಮಾಲಲ್ಲ. 350 ರೂಪಾಯಿಯ ಹೊಸ ಪೈಪು ಬೇಡ, ಹಳೆಯದೇ ಇರಲಿ ಎಂದು ಗಿರಾಕಿಯೇ ಹೇಳಿದ್ದರೆಂದು ಹುಡುಗ ನೆನಪಿಸಿಕೊಂಡ. ಆದರೆ ಆ ಸಾಲಿನ ಪಕ್ಕದಲ್ಲಿ ಗಿರಾಕಿಯ ಸಹಿ ಇರಲಿಲ್ಲ, ಮತ್ತು ಅಕ್ಕ ಬೆರಳಿಟ್ಟದ್ದು ‘ಓಕೆ’ ಎಂಬ ಎರಡಕ್ಷರದ ಮೇಲೆ. ಹಳೆಯ ಪೈಪು ಸರಿಯಿದೆ ಎಂದು ಬರೆದವರು ನಾವು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ 85ನೇ ಕಲಮಿನಲ್ಲಿ, ಸೇವೆ ಒದಗಿಸುವವರು ಹಾನಿ ತಪ್ಪಿಸಲು ಬೇಕಾದ ಎಚ್ಚರಿಕೆಯನ್ನು ಕೊಡದಿದ್ದರೂ ಹೊಣೆಯಾಗುತ್ತಾರೆ ಎಂದಿದೆ. ಅದೇ ಕಾಗದ ನಮ್ಮ ಪರವಾಗಿಯೂ ಇತ್ತು, ವಿರುದ್ಧವಾಗಿಯೂ ಇತ್ತು. ಮೊದಲ ರಾತ್ರಿ ಒಪ್ಪಿಕೊಂಡಿದ್ದರೂ ನಿರಾಕರಿಸಿದ್ದರೂ ಎರಡೂ ಅರ್ಧ ಸುಳ್ಳಾಗುತ್ತಿದ್ದವು.

ಅಪಾರ್ಟ್‌ಮೆಂಟಿನ ಸಂಘದವರನ್ನೂ ವಿಚಾರಿಸಿದೆ. ಮೂರು ವಾರಗಳ ಹಿಂದೆ ಕಟ್ಟಡದ ಪ್ರೆಷರ್ ಪಂಪ್ ಬದಲಾಗಿತ್ತು. ಅಷ್ಟರಿಂದಲೇ ಗಟ್ಟಿ ನಟ್ಟು ಒಡೆಯುವುದಿಲ್ಲ. ಆದರೆ ಮೊದಲೇ ಬಿರುಕು ಬಿಟ್ಟದ್ದನ್ನು, ರಾತ್ರಿ ಯಾರೂ ನೀರು ಬಳಸದೆ ಒತ್ತಡ ಏರುವ ಹೊತ್ತಿನಲ್ಲಿ, ಕಿತ್ತುಹಾಕಲು ಸಾಕಾಗಬಹುದು. ಪಂಪ್ ಬದಲಿಸಿದ ದಿನಾಂಕವನ್ನು ಸಂಘದಿಂದ ಬರವಣಿಗೆಯಲ್ಲಿ ಪಡೆಯಲು ನಾಲ್ಕು ದಿನ, ಮೂರು ಭೇಟಿ ಬೇಕಾದವು.

ಶುಕ್ರವಾರ ಬಂದಾಗ ಏನೂ ನಿರ್ಧಾರವಾಗಿರಲಿಲ್ಲ. ವಿಮೆಯ ಸರ್ವೇಯರ್ ಇನ್ನೂ ಬಂದಿರಲಿಲ್ಲ. ಹೇಳಲು ಏನೂ ಇಲ್ಲದಾಗ ಸುಮ್ಮನಿರೋಣ ಎಂದು ಮನಸ್ಸು ಹೇಳುತ್ತದೆ, ಆದರೆ ಗಡುವು ಕೊಟ್ಟವರು ನಾವೇ. ಸಂಜೆ 5.20ಕ್ಕೆ ಎರಡನೆಯ ಇಮೇಲ್ ಕಳಿಸಿದೆ. ಅದರಲ್ಲಿ ಬರೀ ಸಂಗತಿಗಳಿದ್ದವು: ಪೈಪಿನ ಸ್ಥಿತಿ, ಫೋಟೋಗಳು, ಜಾಬ್ ಶೀಟಿನ ಪ್ರತಿ, ಅದರಲ್ಲಿರುವ ಬರಹ, ತಮ್ಮ ಸಹಿ ಅಲ್ಲಿಲ್ಲ ಎಂಬುದು, ಪಂಪಿನ ವಿಷಯ, ಮತ್ತು ನಮ್ಮ ಹುಡುಗ ಭಾನುವಾರ ಮಾತಾಡಿದ್ದು ಪೈಪನ್ನು ನೋಡುವ ಮೊದಲು ಎಂಬುದು. ನಮಗೆ ಅನುಕೂಲವಲ್ಲದ ಸಂಗತಿಗಳನ್ನೂ ಸೇರಿಸಲು ನನಗೆ ಅಳುಕಿತ್ತು. ಹೇಗೂ ಹೊರಬರುವ ಕಾಗದವನ್ನು ನಾವಾಗಿ ತೋರಿಸಿದರೆ ಉಳಿದ ಮಾತಿಗೆ ಬೆಲೆ ಬರುತ್ತದೆ ಎಂಬ ಅಕ್ಕನ ಅಂದಾಜು ಸರಿಯಾಗಿತ್ತು. ‘ಆದ್ದರಿಂದ’ ಎಂಬ ಪದ ಮಾತ್ರ ಆ ಇಮೇಲಿನಲ್ಲಿ ಎಲ್ಲೂ ಇರಲಿಲ್ಲ. ವಿಮಾ ಕಂಪನಿಗೆ ವಿಷಯ ತಿಳಿಸಿದ್ದೇವೆ, ಮತ್ತೆ ಬರೆಯುತ್ತೇವೆ ಎಂದು ಮುಗಿಸಿದೆ.

“ವಿಮೆ ನಿಮ್ಮ ತಲೆನೋವು, ನನ್ನದಲ್ಲ” ಎಂದು ಅವರು ಒಂದೇ ಸಾಲಿನಲ್ಲಿ ಉತ್ತರಿಸಿದರು. ಅದಕ್ಕೆ ನಾನು ಏನನ್ನೂ ಬರೆಯಲಿಲ್ಲ. ಅವರ ಮಾತು ನಿಜವೇ ಆಗಿತ್ತು.

ಸರ್ವೇಯರ್ ಬಂದದ್ದು ಒಂಬತ್ತನೆಯ ದಿನ. ಹದಿನಾಲ್ಕನೆಯ ದಿನ ಸ್ಪೀಡ್ ಪೋಸ್ಟಿನಲ್ಲಿ ವಕೀಲರ ನೋಟಿಸ್ ಬಂತು: 15 ದಿನಗಳೊಳಗೆ 2,60,000 ರೂಪಾಯಿ. ಅಂದು ರಾತ್ರಿ ನನಗೆ ನಿದ್ದೆಯಿಲ್ಲ. ನೋಟಿಸಿನ ನಾಲ್ಕನೆಯ ಪ್ಯಾರಾದಲ್ಲಿ ನನ್ನ ಮೊದಲ ಇಮೇಲಿನಿಂದ ‘ನಮಗೆ ವಿಷಾದವಿದೆ’ ಎಂಬಷ್ಟನ್ನೇ ಎತ್ತಿ, ನಾವು ತಪ್ಪನ್ನು ಲಿಖಿತವಾಗಿ ಒಪ್ಪಿದ್ದೇವೆ ಎಂದು ಬರೆದಿದ್ದರು. ಪೂರ್ತಿ ವಾಕ್ಯವನ್ನೂ ಅದರ ಮುಂದಿನ ವಾಕ್ಯವನ್ನೂ ಉದ್ಧರಿಸುವುದೇ ಅದಕ್ಕೆ ಸಾಕಾದ ಉತ್ತರವಾಯಿತು. ಭಾನುವಾರದ ಕರಡು ಹೋಗಿದ್ದರೆ ಉದ್ಧರಿಸಲು ನಮ್ಮ ಬಳಿ ಏನೂ ಇರುತ್ತಿರಲಿಲ್ಲ. ನೋಟಿಸಿಗೆ ಉತ್ತರವನ್ನು ಅಕ್ಕನ ಕಚೇರಿಯಿಂದಲೇ ಕಳಿಸಿದೆವು. 5,000 ರೂಪಾಯಿ ಶುಲ್ಕ ಕೊಟ್ಟೆ, ನೆಂಟಸ್ತನ ಬೇರೆ ಕೆಲಸ ಬೇರೆ. ನೋಟಿಸ್ ಬಂದ ಮೇಲೆ ನೀವೇ ಉತ್ತರ ಬರೆಯಲು ಹೋಗಬೇಡಿ, ಅಲ್ಲಿಗೆ ನಮ್ಮ ಕೈಬರಹದ ಕಾಲ ಮುಗಿಯಿತು. ಗ್ರಾಹಕರ ಆಯೋಗಕ್ಕೆ ಹೋಗುವ ಬೆದರಿಕೆಯನ್ನೂ ಹಗುರವಾಗಿ ಕಾಣಬಾರದು: ದೂರು ಕೊಡಲು ಅವರಿಗೆ ಎರಡು ವರ್ಷಗಳ ಅವಧಿಯಿದೆ, ಆಯೋಗದ ನೋಟಿಸ್ ಬಂದರೆ ನಮಗೆ ಸಿಗುವುದು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ, ಅದರಾಚೆಗೆ ಇಲ್ಲ.

ಸರ್ವೇಯರರ ವರದಿಯಲ್ಲಿ, ಹಳೆಯ ಪೈಪನ್ನು ‘ಓಕೆ’ ಎಂದು ಬರೆದು ಎಚ್ಚರಿಕೆ ಕೊಡದೆ ಬಿಟ್ಟದ್ದರಿಂದ ನಮಗೆ ಹೊಣೆ ಬರುವ ಸಂಭವ ಹೆಚ್ಚು ಎಂದಿತ್ತು. ಓದಿ ಬೇಸರವಾಯಿತು, ಆದರೆ ನನ್ನ ಅಭಿಪ್ರಾಯವೂ ಅಷ್ಟರಲ್ಲಿ ಅದೇ ಆಗಿತ್ತು. ಆರು ವರ್ಷ ಹಳೆಯ ನೆಲದ ಸವಕಳಿ ಕಳೆದು 58,000, ವಾರ್ಡ್‌ರೋಬಿನ ಕೆಳಭಾಗಕ್ಕೆ 16,000, ಕೆಳಗಿನ ಮನೆಯ ಚಾವಣಿಗೆ 8,000, ಒಟ್ಟು 82,000 ಎಂದು ಲೆಕ್ಕ ಹಾಕಿದ್ದರು.

ಮೂರನೆಯ ಇಮೇಲ್ ಹೋದದ್ದು ಇದಾದ ಮೇಲೆ, ವಿಮಾ ಕಂಪನಿಯ ಲಿಖಿತ ಒಪ್ಪಿಗೆ ಕೈಗೆ ಬಂದ ಮರುದಿನ, ಅವರ ವಕೀಲರಿಗೆ. ಮೇಲೆ ‘ವಿತೌಟ್ ಪ್ರಿಜುಡಿಸ್’ ಎಂದು ಬರೆದು, ಇದು ರಾಜಿಯ ಮಾತುಕತೆ, ರಾಜಿಯಾಗದಿದ್ದರೆ ಇದನ್ನು ಸಾಕ್ಷ್ಯವಾಗಿ ಬಳಸತಕ್ಕದ್ದಲ್ಲ ಎಂಬ ಷರತ್ತನ್ನು ಮೊದಲ ಸಾಲಿನಲ್ಲೇ ಹಾಕಿದ್ದೆವು. ಸಾಕ್ಷ್ಯ ಅಧಿನಿಯಮದ 21ನೇ ಕಲಮಿನಲ್ಲಿ ಅದಕ್ಕೆ ಆಧಾರವಿದೆ. ಆ ತಲೆಬರಹವನ್ನು ಮೊದಲ ಇಮೇಲಿಗೇ ಏಕೆ ಹಾಕಲಿಲ್ಲವೆಂದು ನಾನು ಕೇಳಿದ್ದೆ. ಅದು ಕಾಯುವುದು ರಾಜಿಯ ಮಾತನ್ನು ಮಾತ್ರ. ಸಂಗತಿಗಳನ್ನು ಹೇಳುವ ಪತ್ರಕ್ಕೆ ಅಂಟಿಸಿದರೆ ಪ್ರಯೋಜನವಿಲ್ಲ, ಮೇಲಾಗಿ ಮೊದಲೆರಡು ಇಮೇಲ್‌ಗಳನ್ನು ನಾವೇ ಆಯೋಗಕ್ಕೆ ತೋರಿಸಬೇಕಾಗಿ ಬರಬಹುದಿತ್ತು. ಹೀಗಾಗಿ ಸಂಗತಿಗಳು ಒಂದು ಪತ್ರದಲ್ಲಿ, ಹಣದ ಮಾತು ಇನ್ನೊಂದರಲ್ಲಿ, ಎರಡನ್ನೂ ಬೆರೆಸಲಿಲ್ಲ.

82,000ಕ್ಕೆ ಅವರು ಒಪ್ಪಲಿಲ್ಲ. ಎರಡು ವಾರ ಹಗ್ಗಜಗ್ಗಾಟ ನಡೆದು, ವಿಮಾ ಕಂಪನಿಗೆ ತಿಳಿಸಿಯೇ ನಮ್ಮ ಕೈಯಿಂದ 8,000 ಸೇರಿಸಿ 90,000ಕ್ಕೆ ಮುಗಿಯಿತು. ಹೊಣೆಯನ್ನು ಒಪ್ಪಿಕೊಳ್ಳದೆ, ಇದೇ ಪೂರ್ಣ ಮತ್ತು ಅಂತಿಮ ಇತ್ಯರ್ಥವೆಂಬ ಒಪ್ಪಂದಕ್ಕೆ ಇಬ್ಬರೂ ಸಹಿ ಮಾಡಿದೆವು. 37ನೆಯ ದಿನ ಹಣ ಬ್ಯಾಂಕಿನ ಮೂಲಕ ಹೋಯಿತು. ಪಾಲಿಸಿಯ ಪ್ರಕಾರ ನಾವೇ ಕೊಡಬೇಕಾದ ಮೊದಲ 10,000, ಮೇಲಿನ 8,000, ವಕೀಲರ 5,000, ಜೊತೆಗೆ ಅವರ ಮನೆಯ ಮೂರು ಬಚ್ಚಲುಗಳಿಗೆ ಹಾಕಿಕೊಟ್ಟ ಆರು ಹೊಸ ಪೈಪುಗಳ 2,100: ನಮ್ಮ ಖರ್ಚು 25,100 ರೂಪಾಯಿ.

ಈಗಿನ ಜಾಬ್ ಶೀಟಿನಲ್ಲಿ ‘ಹಳೆಯ ಕನೆಕ್ಷನ್ ಪೈಪ್ ಬದಲಿಸಲು ಸೂಚಿಸಲಾಗಿದೆ, ಗ್ರಾಹಕರು ನಿರಾಕರಿಸಿದ್ದಾರೆ’ ಎಂಬ ಅಚ್ಚಾದ ಸಾಲೊಂದಿದೆ, ಪಕ್ಕದಲ್ಲಿ ಸಹಿಗೆ ಜಾಗವಿದೆ. ಆರು ಪೈಪು ಹಾಕಿದ ದಿನ ಆ ಶೀಟನ್ನು ಹುಡುಗ ಅವರ ಮುಂದೆ ಹಿಡಿದಾಗ, ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, “ಇದನ್ನ ಐದು ತಿಂಗಳ ಹಿಂದೆ ತಂದಿದ್ರೆ ಆ 350 ರೂಪಾಯಿ ನಾನು ಕೊಡ್ತಿದ್ದೆನಮ್ಮ” ಎಂದು ನನ್ನ ಕಡೆ ನೋಡಿದರು. ಆಮೇಲೆ ಬೀರು ತೆರೆದು, ಸಹಿ ಮಾಡಿದ್ದ ಕವರನ್ನು ಒಡೆಯದೆಯೇ ನಮ್ಮ ಕೈಗೆ ಕೊಟ್ಟರು.